ಜತ್ತ, ಅಕ್ಕಲಕೋಟೆಯಿಂದ ಪುಣೆಗೆ: ಸದಾಶಿವ ಪೇಠವೋ, ಧನಕವಡಿಯೋ?

ಎಂಪಿಎಸ್‌ಸಿ ಓದಲು ನಮ್ಮ ಕಡೆಯಿಂದ ಹೊರಟವರಿಗೆ ಮೊದಲು ಕೇಳಿಸುವ ಹೆಸರು ಸದಾಶಿವ ಪೇಠ. ಪಕ್ಕದ ನವೀ ಪೇಠ, ಶಾಸ್ತ್ರಿ ರಸ್ತೆಯೂ ಸೇರಿ ತರಗತಿ, ಅಭ್ಯಾಸಿಕೆ ಎಂಬ ಓದುಕೋಣೆ, ಖಾನಾವಳಿ ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತವೆ. ಆದರೆ ಕೋಣೆ ದುಬಾರಿ, ಹಾಸಿಗೆಗಳು ಒತ್ತೊತ್ತು. ದಕ್ಷಿಣದ ಧನಕವಡಿಯಲ್ಲಿ ಅಷ್ಟೇ ಹಣಕ್ಕೆ ಹೆಚ್ಚು ಜಾಗ ಸಿಗುತ್ತದೆ. ತರಗತಿಗೆ ಮಾತ್ರ ಸ್ವಾರಗೇಟ್ ದಾಟಿ ಬರಬೇಕು.

ಲೆಕ್ಕ ಹೀಗೆ ಹಾಕಿ: ಧನಕವಡಿಯಲ್ಲಿದ್ದು ತಿಂಗಳ ಬಾಡಿಗೆಯಲ್ಲಿ 1,500 ರೂಪಾಯಿ ಉಳಿಯಿತು ಎನ್ನೋಣ. ಹೋಗಿಬರಲು ದಿನಕ್ಕೆ ಎರಡು ಗಂಟೆಯಾದರೆ 26 ದಿನಕ್ಕೆ 52 ಗಂಟೆ, ಮೇಲೆ ಬಸ್ ಖರ್ಚು. ದಿನವೂ ತರಗತಿ ಇರುವವರಿಗೆ ಇದು ನಷ್ಟವೇ. ತರಗತಿ ಮುಗಿಸಿ ಸ್ವಂತ ಓದಿಗೆ ಕುಳಿತವರು ಮಾತ್ರ ಧನಕವಡಿಗೆ ಹೋಗಲಿ.

ನಿಶ್ಶಬ್ದದ ವಿಷಯದಲ್ಲಿ ಪೇಠ ಮೋಸ ಮಾಡುತ್ತದೆ. ಜೂನ್‌ನಲ್ಲಿ ಶಾಂತವಾಗಿದ್ದ ಓಣಿ ಗಣೇಶೋತ್ಸವದಲ್ಲಿ ಢೋಲಿನಿಂದ ನಡುಗುತ್ತದೆ. ತಿಳಕ, ಕುಮಠೇಕರ ರಸ್ತೆಗಳೂ ವಿಸರ್ಜನೆ ಮೆರವಣಿಗೆಯ ದಾರಿಗಳು. ಆದ್ದರಿಂದ ಒಳ ಓಣಿಯ ಅಭ್ಯಾಸಿಕೆ ಹುಡುಕಿ, ರಾತ್ರಿ ಒಂಬತ್ತಕ್ಕೆ ಹೋಗಿ ಒಂದು ಗಂಟೆ ಕುಳಿತು ನೋಡಿ. ಕುರ್ಚಿ ನಿಮ್ಮ ಹೆಸರಿಗೇ ಕಾಯ್ದಿರಿಸಿದ್ದೋ, ಮೊದಲು ಬಂದವರದೋ ಕೇಳಿ. ಎರಡನೆಯದಾದರೆ ಬೆಳಗಿನ ಆರಕ್ಕೇ ಓಟ.

ಊಟಕ್ಕೆ ಪೇಠವೇ ಮೇಲು, ಪೈಪೋಟಿ ಹೆಚ್ಚು. ತಿಂಗಳ ಹಣ ಕಟ್ಟುವ ಮುನ್ನ ಎರಡು ದಿನ ಬಿಡಿಯಾಗಿ ಹಣ ಕೊಟ್ಟು ಊಟ ಮಾಡಿ ನೋಡಿ. ಊರಿಗೆ ಹೋದ ದಿನಗಳ, ಖಾನಾವಳಿಯವರ ಮಾತಿನಲ್ಲಿ ‘ಖಾಡೆ’ಯ, ಹಣವನ್ನು ಲೆಕ್ಕದಿಂದ ಕಳೆಯುತ್ತಾರೆಯೇ, ಭಾನುವಾರ ಸಂಜೆ ಒಲೆ ಹಚ್ಚುತ್ತಾರೆಯೇ ಎಂದು ವಿಚಾರಿಸಿ. ನಾನು ಕೇಳದೆ ಕಟ್ಟಿ, ದೀಪಾವಳಿಯ ಹತ್ತು ದಿನದ ಹಣ ಕಳೆದುಕೊಂಡೆ. ಜೋಳದ ರೊಟ್ಟಿ ಸಿಕ್ಕರೆ ಅದೃಷ್ಟ, ಹೆಚ್ಚಾಗಿ ಚಪಾತಿಯೇ.