ಮಳೆ ಇಂಚಿನಲ್ಲಿ, ಕಾಫಿ ಚೀಲದಲ್ಲಿ: ಎಕ್ಸೆಲ್‌ನಲ್ಲಿ ಎರಡನ್ನೂ ಒಟ್ಟಿಗೆ ತೋರಿಸಲು ನಾನು ನೋಡಿದ ದಾರಿಗಳು

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಮಳೆ ಪುಸ್ತಕ ಇದೆ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಎಷ್ಟು ಇಂಚು, ಎಷ್ಟು ಸೆಂಟು ಅಂತ ಅದರಲ್ಲಿ ಬರೆದಿಡುತ್ತಾರೆ. ಕೊಡಗಿನಲ್ಲಿ ಇದು ಹೊಸದೇನಲ್ಲ. ಈ ಸಲ ಅವರು ಆ ಪುಸ್ತಕವನ್ನೂ ಫಸಲಿನ ಲೆಕ್ಕದ ಪುಸ್ತಕವನ್ನೂ ನನ್ನ ಮುಂದೆ ಇಟ್ಟು, "ಹೂಮಳೆಗೂ ಫಸಲಿಗೂ ಎಷ್ಟು ನಂಟಿದೆ ಅಂತ ಒಂದೇ ಚಿತ್ರದಲ್ಲಿ ತೋರಿಸು ನೋಡೋಣ" ಅಂದರು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಎರಡು ದಿನ ಹಿಡಿಯಿತು.

ಅಂಕಿಗಳು ಇವು. ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ಮಳೆ ಅಂದರೆ ರೋಬಸ್ಟಾ ಹೂ ಬಿಡಿಸುವ ಹೂಮಳೆ ಮಾತ್ರ, ಮಳೆಗಾಲದ್ದಲ್ಲ. ಚೀಲ ಅಂದರೆ 50 ಕೆಜಿ ಚೆರಿ.

| ವರ್ಷ | ಹೂಮಳೆ, ಇಂಚು | ಫಸಲು, ಚೀಲ |
|---|---|---|
| 2016 | 0.6 | 210 |
| 2017 | 1.4 | 265 |
| 2018 | 1.8 | 190 |
| 2019 | 0.4 | 175 |
| 2020 | 1.2 | 250 |
| 2021 | 2.1 | 280 |
| 2022 | 1.6 | 245 |
| 2023 | 0.5 | 180 |

ಚಾರ್ಟಿಗೆ ಹೋಗುವ ಮೊದಲೇ ಒಂದು ಕಡೆ ಎಡವಿದೆ. ಮಾರ್ಚಿನಲ್ಲಿ ಬಿದ್ದ ಮಳೆಯ ಕಾಫಿ ಕಣಕ್ಕೆ ಬರುವುದು ಆ ಡಿಸೆಂಬರ್‌ನಿಂದ ಮುಂದಿನ ಫೆಬ್ರವರಿವರೆಗೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಮಾರಿದ ವರ್ಷ ಇರುತ್ತದೆ. ನಾನು ಅದನ್ನೇ ಹಾಗೇ ಇಳಿಸಿದ್ದೆ. ಚೀಲಗಳೆಲ್ಲ ಒಂದು ಸಾಲು ಕೆಳಗೆ ಕೂತಿದ್ದವು. ಮಳೆ ಕಡಿಮೆಯಾದ 2023ರ ಎದುರು 245 ಚೀಲ ನೋಡಿದ ದೊಡ್ಡಪ್ಪ, "ಇದು ಹಿಂದಿನ ವರ್ಷದ ಕಾಫಿ ಅಲ್ವಾ?" ಅಂದರು. ಸಾಲು ತಪ್ಪಿದ್ದರೆ ಯಾವ ಅಕ್ಷ ಹಾಕಿದರೂ ಪ್ರಯೋಜನ ಇಲ್ಲ.

ಮೊದಲು ಏನೂ ಯೋಚಿಸದೆ ಎರಡನ್ನೂ ಒಂದೇ ಅಕ್ಷದಲ್ಲಿ ಗೆರೆಗಳಾಗಿ ಹಾಕಿದೆ. ವರ್ಷವನ್ನೂ ಒಂದು ಅಂಕಿಸಾಲು ಅಂದುಕೊಂಡ ಎಕ್ಸೆಲ್, 2000ದ ಎತ್ತರದಲ್ಲಿ ಮೂರನೇ ಗೆರೆ ಎಳೆದುಬಿಟ್ಟಿತು. `A1` ಕೋಶದಲ್ಲಿದ್ದ "ವರ್ಷ" ಅನ್ನುವ ತಲೆಬರಹ ಅಳಿಸಿ ಚಾರ್ಟನ್ನು ಮತ್ತೆ ಹಾಕಿದ ಮೇಲೆ ಅದು ಹೋಯಿತು. ಆದರೆ ಮಳೆಯೂ ಹೋಗಿತ್ತು! ಅಕ್ಷ 0ಯಿಂದ 300ರವರೆಗೆ. ಅದರಲ್ಲಿ 2.1 ಇಂಚು ಅಂದರೆ ನೂರರಲ್ಲಿ ಒಂದು ಪಾಲೂ ಇಲ್ಲ. ಮಳೆಯ ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿತ್ತು.

ಎರಡನೇ ಅಕ್ಷ ಬೇಕಾಗುವುದು ಇಂಥ ಕಡೆ. ಪಟ್ಟಿಯನ್ನು ಆರಿಸಿಕೊಂಡು `Insert`, ಅಲ್ಲಿ `Recommended Charts`, ಆಮೇಲೆ `All Charts`, ಕೊನೆಗೆ `Combo`. ಕೆಳಗೆ ಒಂದೊಂದು ಅಂಕಿಸಾಲಿಗೂ ಯಾವ ತರಹದ ಚಾರ್ಟು ಅಂತ ಕೇಳುತ್ತದೆ, ಪಕ್ಕದಲ್ಲೇ `Secondary Axis` ಅನ್ನುವ ಚೌಕ ಇರುತ್ತದೆ. ಚಾರ್ಟ್ ಈಗಾಗಲೇ ಇದ್ದರೆ ಗೆರೆಯ ಮೇಲೆ ರೈಟ್ ಕ್ಲಿಕ್ ಮಾಡಿ `Format Data Series` ಒಳಗೂ ಅದನ್ನೇ ಆರಿಸಬಹುದು. ಆದರೆ ನೆಲಕ್ಕೆ ಅಂಟಿದ ಗೆರೆ ಮೌಸಿಗೆ ಸಿಗುವುದೇ ಇಲ್ಲ. ನಾನು ಹತ್ತು ಸಲ ಒತ್ತಿ ಹತ್ತು ಸಲವೂ ಕೆಳಗಿನ ಅಕ್ಷವನ್ನೇ ಹಿಡಿದೆ. ಅದಕ್ಕೆ ಚಾರ್ಟ್ ಆರಿಸಿದಾಗ ಮೇಲೆ ಬರುವ `Format` ಟ್ಯಾಬಿನಲ್ಲಿ ಎಡತುದಿಯ ಪಟ್ಟಿಯಿಂದ ಮಳೆಯ ಸಾಲನ್ನು ಹೆಸರು ನೋಡಿ ಆರಿಸಿ, `Format Selection` ಒತ್ತಬೇಕು.

ಮಳೆಯನ್ನು ಬಲಗಡೆಯ ಅಕ್ಷಕ್ಕೆ ಕಳಿಸಿದೆ. ಎರಡೂ ಚೆನ್ನಾಗಿ ಕಂಡವು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, 2018ರ ಮೇಲೆ ಬೆರಳಿಟ್ಟರು. "ಇಲ್ಲಿ ಒಂದು ಕಡೆ ಮಾತ್ರ ಮಳೆ ಫಸಲನ್ನು ದಾಟಿ ಮೇಲೆ ಹೋಗಿದೆ. ಆ ವರ್ಷ ಮಳೆ ಜಾಸ್ತಿಯಾಗಿ ಕಾಫಿ ಹೋಯ್ತು ಅಂತ ಚಿತ್ರವೂ ಹೇಳ್ತದೆ ನೋಡು."

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಏನಾಯಿತು ಅನ್ನುವುದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಗುಡ್ಡಗಳು ಜರಿದ ವರ್ಷ ಅದು. ನಮ್ಮಲ್ಲಿ ಕಾಯಿ ಉದುರಿದ್ದೂ ಆ ಮಳೆಗೇ. ಆದರೆ ಈ ಚಾರ್ಟಿನಲ್ಲಿರುವುದು ಹೂಮಳೆ. ಆಗಸ್ಟಿನ ಮಳೆ ಇದರಲ್ಲಿ ಇಲ್ಲವೇ ಇಲ್ಲ. ಮತ್ತೆ ಆ ಗೆರೆ ದಾಟಿದ್ದು ಯಾಕೆ?

ಅಕ್ಷ ನೋಡಿದೆ. ಎಡಗಡೆ ಎಕ್ಸೆಲ್ ತಾನಾಗಿ 0ಯಿಂದ 300 ಇಟ್ಟಿತ್ತು, 50ರಂತೆ ಆರು ಮೆಟ್ಟಿಲು. ಬಲಗಡೆ 0ಯಿಂದ 2.5, 0.5ರಂತೆ ಐದು ಮೆಟ್ಟಿಲು. ಹಿಂದಿನ ಅಡ್ಡಗೆರೆಗಳು ಎಡಗಡೆಯ ಲೆಕ್ಕದವು, ಬಲಗಡೆಯ ಅಂಕಿಗಳು ಅವಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಅದು ಕಣ್ಣಿಗೆ ಚೆನ್ನಾಗಿರಲಿಲ್ಲ ಅಂತ ಬಲ ಅಕ್ಷದ ಮೇಲೆ ಎರಡು ಸಲ ಕ್ಲಿಕ್ ಮಾಡಿ, `Bounds` ಅಡಿಯಲ್ಲಿ `Maximum` ಅನ್ನು 3 ಮಾಡಿದೆ. ಎರಡೂ ಕಡೆ ಆರಾರು ಮೆಟ್ಟಿಲಾಯಿತು. ಗೆರೆ ದಾಟಿದ್ದು ಮಾಯ!

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 190 ಚೀಲ 300ರ ಅಕ್ಷದಲ್ಲಿ ನೂರಕ್ಕೆ 63ರ ಎತ್ತರದಲ್ಲಿ ಇರುತ್ತದೆ. 1.8 ಇಂಚು 2.5ರ ಅಕ್ಷದಲ್ಲಿ 72ರ ಎತ್ತರ, 3ರ ಅಕ್ಷದಲ್ಲಿ 60. ಮಳೆಯೂ ಬದಲಾಗಿಲ್ಲ, ಫಸಲೂ ಬದಲಾಗಿಲ್ಲ. ನಾನು ಅಡ್ಡಗೆರೆ ಚೆಂದ ಮಾಡಲು ಹೋಗಿ ದೊಡ್ಡಪ್ಪನ ಕಥೆಯನ್ನೇ ಅಳಿಸಿದ್ದೆ. ಇಂಚು ಮತ್ತು ಚೀಲ ಒಂದನ್ನೊಂದು ದಾಟುವುದು ಅಂದರೆ ಅರ್ಥವೇ ಇಲ್ಲ. ಆದರೆ ಎರಡು ಗೆರೆ ಒಂದೇ ಚೌಕಟ್ಟಿನಲ್ಲಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ.

ಸ್ವಲ್ಪ ಕಿಡಿಗೇಡಿತನವೂ ಮಾಡಿ ನೋಡಿದೆ. ಬಲಗಡೆ 2.5 ಇಟ್ಟು, ಎಡಗಡೆಯನ್ನು 150ರಿಂದ 300 ಮಾಡಿದರೆ 2023ರಲ್ಲಿ ಎರಡೂ ಗೆರೆ ಒಂದೇ ಜಾಗದಲ್ಲಿ ಕೂರುತ್ತವೆ, 2019 ಮತ್ತು 2021ರಲ್ಲಿ ಹೆಚ್ಚುಕಡಿಮೆ ಮುಟ್ಟುತ್ತವೆ. ಹೂಮಳೆಯೇ ಫಸಲು ಅಂತ ಯಾರಾದರೂ ಪ್ರಮಾಣ ಮಾಡಬಹುದು. ಎಡಗಡೆ 0ಯಿಂದ 600 ಮಾಡಿದರೆ ಫಸಲಿನ ಗೆರೆ ಅಷ್ಟಾಗಿ ಏರಿಳಿಯದೆ ಹೋಗುತ್ತದೆ. ಆಗ ಮಳೆಗೂ ಕಾಫಿಗೂ ಸಂಬಂಧವೇ ಇಲ್ಲ ಅನ್ನಬಹುದು. ಎರಡರಲ್ಲೂ ಅಂಕಿ ಒಂದೇ.

ಇದಕ್ಕೆ ಇರುವ ಒಳ್ಳೆಯ ಮದ್ದು, ಮಳೆಯನ್ನು ಕಂಬವಾಗಿ, ಫಸಲನ್ನು ಗೆರೆಯಾಗಿ ಹಾಕುವುದು. ಕಂಬಕ್ಕೂ ಗೆರೆಗೂ ಯಾರೂ ಎತ್ತರ ಹೋಲಿಸಲು ಹೋಗುವುದು ಕಡಿಮೆ. ಇಲ್ಲೂ ಒಂದು ಗುಟ್ಟಿದೆ. ಎರಡನೇ ಅಕ್ಷದಲ್ಲಿರುವುದನ್ನು ಎಕ್ಸೆಲ್ ಯಾವಾಗಲೂ ಮೊದಲ ಅಕ್ಷದ್ದರ ಮೇಲೆ ಬರೆಯುತ್ತದೆ. ಮಳೆ ಬಲಗಡೆ ಇದ್ದದ್ದರಿಂದ ಕಂಬಗಳು ಫಸಲಿನ ಗೆರೆಯ ಮುಂದೆ ಬಂದು ನಿಂತವು, ಅಲ್ಲಲ್ಲಿ ಗೆರೆ ಮುಚ್ಚಿಹೋಯಿತು. ಅದಲುಬದಲು ಮಾಡಿ ಕಂಬಗಳನ್ನು ಮೊದಲ ಅಕ್ಷಕ್ಕೆ, ಗೆರೆಯನ್ನು ಎರಡನೆಯದಕ್ಕೆ ಹಾಕಿದ ಮೇಲೆ ಸರಿಯಾಯಿತು. ಎರಡನ್ನೂ ಕಂಬವಾಗಿ ಮಾತ್ರ ಹಾಕಬೇಡಿ, ಒಂದರ ಮೇಲೊಂದು ಕೂತು ಹಿಂದಿನದು ಕಾಣುವುದಿಲ್ಲ. ಕಂಬದ ಅಕ್ಷ 0ಯಿಂದಲೇ ಶುರುವಾಗಲಿ. ಆಮೇಲೆ ಪ್ಲಸ್ ಗುರುತು ಒತ್ತಿ `Axis Titles` ಹಾಕಿ, ಎಡಗಡೆ "ಇಂಚು", ಬಲಗಡೆ "ಚೀಲ" ಅಂತ ಬರೆದೆ. ಅಕ್ಷದ ಅಕ್ಷರಗಳಿಗೆ ಕಂಬದ ನೀಲಿ, ಗೆರೆಯ ಕಂದು ಬಣ್ಣವನ್ನೇ ಕೊಟ್ಟೆ. ಇದು ಇಲ್ಲದಿದ್ದರೆ ಯಾವುದು ಯಾವ ಕಡೆಯದು ಅಂತ ಪ್ರತಿ ಸಲ ಹೇಳಬೇಕಾಗುತ್ತದೆ.

ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟಾಗುವ ಲಾಗರಿದಮಿಕ್ ಅಕ್ಷದಲ್ಲಿ ಎರಡನ್ನೂ ಒಟ್ಟಿಗೆ ಹಾಕಿಯೂ ನೋಡಿದೆ, ಬೇಗ ಬಿಟ್ಟೆ. 0.1ರಿಂದ 1000ದವರೆಗೆ ಹಿಗ್ಗಿ, ಫಸಲಿನ ಏರಿಳಿತವೇ ಕಾಣದ ಹಾಗಾಯಿತು. ಮಳೆಯೇ ಬಾರದ ವರ್ಷ ಇದ್ದರೆ 0 ಅದರಲ್ಲಿ ಬರುವುದೂ ಇಲ್ಲ.

ಸರಾಸರಿಯನ್ನು 100 ಅಂತ ಇಟ್ಟುಕೊಂಡು ಎರಡನ್ನೂ ಅದಕ್ಕೆ ಹೋಲಿಸುವ ದಾರಿ ನನಗೆ ಹಿಡಿಸಿತು. ಪಕ್ಕದ ಸಾಲಿನಲ್ಲಿ ಇದನ್ನು ಬರೆದು, ಬಲಕ್ಕೂ ಕೆಳಕ್ಕೂ ಎಳೆದರಾಯಿತು:

```
=B2/AVERAGE(B$2:B$9)*100
```

ಮಳೆಯ ಸರಾಸರಿ 1.2 ಇಂಚು, ಫಸಲಿನದು ಸುಮಾರು 224 ಚೀಲ. ಈಗ ಒಂದೇ ಅಕ್ಷ ಸಾಕು. ಮಳೆ 33ರಿಂದ 175ರವರೆಗೆ ಕುಣಿಯುತ್ತದೆ, ಫಸಲು 78ರಿಂದ 125ರೊಳಗೇ ಇರುತ್ತದೆ. ಮಳೆ ಮೂರರಲ್ಲೊಂದು ಪಾಲಾದರೂ ಫಸಲು ಅಷ್ಟು ಬೀಳುವುದಿಲ್ಲ ಅನ್ನುವುದು ಎರಡು ಅಕ್ಷದ ಚಾರ್ಟಿನಲ್ಲಿ ನನಗೆ ಕಂಡೇ ಇರಲಿಲ್ಲ. ಆದರೆ ದೊಡ್ಡಪ್ಪ ಕೇಳಿದ್ದು, "175 ಅಂದ್ರೆ ಎಷ್ಟು ಇಂಚು?" ಹೂ ಸರಿಯಾಗಿ ಅರಳಲು ಒಂದು ಇಂಚಾದರೂ ಬೇಕು ಅನ್ನುವ ಲೆಕ್ಕ ಅವರ ತಲೆಯಲ್ಲಿದೆ. ಈ ಚಾರ್ಟಿನಲ್ಲಿ ಆ ಒಂದು ಇಂಚನ್ನು ಹುಡುಕಲು ಆಗುವುದಿಲ್ಲ. ಸರಾಸರಿಯ ಬದಲು ಮೊದಲ ವರ್ಷವನ್ನೇ 100 ಮಾಡಿದರೆ ಇನ್ನೂ ಕಷ್ಟ. 2016ರ ಮಳೆ ಕಡಿಮೆ ಇದ್ದದ್ದರಿಂದ 2021ರದ್ದು 350ಕ್ಕೆ ಹಾರುತ್ತದೆ.

ಕೊನೆಯದು, ಎರಡು ಚಾರ್ಟ್ ಮಾಡಿ ಒಂದರ ಕೆಳಗೆ ಒಂದು ಇಡುವುದು. ಮೇಲೆ ಮಳೆಯ ಕಂಬ, ಕೆಳಗೆ ಫಸಲಿನ ಗೆರೆ. ದಾಟುವುದು, ಅಂಟುವುದು ಯಾವುದೂ ಇಲ್ಲ. ಅಕ್ಷವೂ ಅದರದರ ಇಂಚು, ಚೀಲದಲ್ಲೇ. ತೊಂದರೆ ಒಂದೇ, ವರ್ಷಗಳು ಮೇಲೆ ಕೆಳಗೆ ಸಾಲಾಗಿ ಕೂರುವುದಿಲ್ಲ. "2.5" ಮತ್ತು "300" ಅಂಕಿಗಳ ಅಗಲ ಬೇರೆ ಆದ್ದರಿಂದ ಒಳಗಿನ ಚೌಕ ಒಂದರಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಮೊದಲ ಚಾರ್ಟಿನ ಒಳಚೌಕವನ್ನು ಕೈಯಲ್ಲೇ ಎಳೆದು ಅಳತೆ ಹಿಡಿಸಿ, ಆ ಚಾರ್ಟನ್ನೇ ನಕಲು ಮಾಡಿ, ನಕಲಿನಲ್ಲಿ ಅಂಕಿಯನ್ನೂ ಚಾರ್ಟಿನ ತರಹವನ್ನೂ ಬದಲಾಯಿಸಿದರೆ ಅಳತೆ ಉಳಿಯುತ್ತದೆ. `Alt` ಒತ್ತಿಕೊಂಡು ಎಳೆದರೆ ಚಾರ್ಟ್ ಕೋಶದ ಗೆರೆಗೆ ಸರಿಯಾಗಿ ಕೂರುತ್ತದೆ.

ನನ್ನ ಆಯ್ಕೆ ಈ ಮೇಲೆ ಕೆಳಗೆ ಇಡುವುದು. ಮಳೆಯ ಚಾರ್ಟಿನಲ್ಲಿ ಒಂದು ಇಂಚಿನ ಹತ್ತಿರ ಅಡ್ಡಗೆರೆ ಎಳೆದರೆ, ಅದಕ್ಕೆ ಮುಟ್ಟದ 2016, 2019, 2023 ಮೂರೂ ಎದ್ದು ಕಾಣುತ್ತವೆ. ಕೆಳಗೆ ನೋಡಿದರೆ ಆ ಮೂರರಲ್ಲೂ ಫಸಲು ಕಡಿಮೆ. ಮಳೆ ಇದ್ದೂ ಫಸಲು ಬಿದ್ದದ್ದು 2018 ಒಂದೇ. ಕಾಗದದಲ್ಲಿ ಜಾಗ ಕಡಿಮೆ ಇದ್ದಾಗ ಮಾತ್ರ ಕಂಬ ಮತ್ತು ಗೆರೆಯ ಎರಡು ಅಕ್ಷದ ಚಾರ್ಟ್ ಹಾಕುತ್ತೇನೆ. ಎರಡೂ ಗೆರೆಯಾಗಿರುವುದನ್ನು ಇನ್ನು ಮಾಡುವುದಿಲ್ಲ. ಅಂದ ಹಾಗೆ, ನಮ್ಮ ತೋಟಕ್ಕೆ ಕೆರೆ ಇಲ್ಲ, ಮಳೆಯನ್ನೇ ನಂಬಿದ್ದೇವೆ. ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುವವರು ಮಳೆಯ ಅಂಕಿಗೆ ಕೊಟ್ಟ ನೀರನ್ನೂ ಸೇರಿಸದಿದ್ದರೆ ಈ ಚಿತ್ರ ಅವರಿಗೆ ಏನೂ ಹೇಳುವುದಿಲ್ಲ.

ಎರಡೂ ಚಾರ್ಟನ್ನು ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು ಕೊಟ್ಟೆ. ದೊಡ್ಡಪ್ಪ 2018ರ ಪಕ್ಕ ಪೆನ್ನಿನಲ್ಲಿ "ಆಗಸ್ಟ್" ಅಂತ ಬರೆದು, ಮಳೆ ಪುಸ್ತಕದೊಳಗೆ ಮಡಿಸಿಟ್ಟರು.