ಎರೆ ಹೊಲದಲ್ಲಿ ಲೋರಾ: ಮೂರು ಹಂಗಾಮು ಬಳಸಿದ ಮೇಲೆ

ಲೋರಾ ಅಂದರೆ ಕಡಿಮೆ ಪವರ್‌ನಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೋ. ಸ್ಥಳ ಸಿಂಧನೂರು ತಾಲ್ಲೂಕು, ಎರೆ ಭೂಮಿ. ಬೆಳೆ ಹತ್ತಿ, ನಡುನಡುವೆ ತೊಗರಿ ಸಾಲು. ನೀರು ಕೃಷಿ ಹೊಂಡದಿಂದ ಡ್ರಿಪ್ ಮೂಲಕ. ಬಳಸಿದ್ದು ಸೆನ್ಸರ್ ಓದಿ ವಾಲ್ವ್ ನಡೆಸುವ, SX1262 ಲೋರಾ ಚಿಪ್ಪಿನ ಒಂಬತ್ತು ನೋಡ್, ಅವುಗಳ ಸಂದೇಶ ಹಿಡಿಯಲು ಮೋಟ್ರು ಶೆಡ್ಡಿನ ಮೇಲೆ ಒಂದು ಗೇಟ್‌ವೇ, ಎಡೆ ಹೊಡೆಯುವ ಒಂದು ಸಣ್ಣ ರೋಬೋ. ಎರಡು ಮುಂಗಾರು, ಒಂದು ಹಿಂಗಾರು ಆಗಿದೆ. ನೀರಾವರಿ ನೋಡ್‌ಗೆ ಐದಕ್ಕೆ ನಾಲ್ಕು ಅಂಕ, ರೋಬೋ ಕೆಲಸಕ್ಕೆ ಎರಡೂವರೆ.

ಡಬ್ಬಿಯ ಮೇಲೆ 10 ಕಿಲೋಮೀಟರ್, 15 ಕಿಲೋಮೀಟರ್ ಅಂತ ಬರೆದಿರುತ್ತದೆ. ಗುಡ್ಡದ ಮೇಲೆ ನಿಂತು ಗುಡ್ಡಕ್ಕೆ ಕಳಿಸಿದರೆ ಅದು ಸುಳ್ಳಲ್ಲ. ನಮ್ಮ ಕಡೆ ಭೂಮಿ ಹಲಗೆಯ ಹಾಗೆ ಸಪಾಟು, ಅಡ್ಡ ಏನೂ ಇಲ್ಲ, ಇನ್ನೂ ಚೆನ್ನಾಗಿ ಹೋಗಬೇಕಲ್ಲ ಅನ್ನಿಸುತ್ತದೆ. ಆದರೆ ಸಪಾಟು ಭೂಮಿಯಲ್ಲಿ ಭೂಮಿಯೇ ಅಡ್ಡ. 865 ಮೆಗಾಹರ್ಟ್ಸ್‌ನಲ್ಲಿ 1.4 ಕಿಲೋಮೀಟರ್ ಸಂಪರ್ಕಕ್ಕೆ ನಡುಮಧ್ಯದಲ್ಲಿ ಸುಮಾರು 11 ಮೀಟರ್ ತ್ರಿಜ್ಯದ ಜಾಗ ಖಾಲಿ ಬೇಕು, ಅದರಲ್ಲಿ ಕನಿಷ್ಠ ನೂರಕ್ಕೆ 60 ಭಾಗವಾದರೂ, ಅಂದರೆ ಆರೂವರೆ ಮೀಟರ್. ಒಂದು ತುದಿಯಲ್ಲಿ ಆಂಟೆನಾ 9 ಮೀಟರ್ ಎತ್ತರ, ಇನ್ನೊಂದು ತುದಿಯಲ್ಲಿ 1 ಮೀಟರ್ ಇದ್ದರೆ ನಡುವಿನಲ್ಲಿ ಗೆರೆ ನೆಲದಿಂದ 5 ಮೀಟರ್ ಮೇಲಿರುತ್ತದೆ. ಬೆಳೆ ಬರುವ ಮೊದಲೇ ನಾವು ಸಾಲದಲ್ಲಿದ್ದೇವೆ ಅಂತ ಲೆಕ್ಕ.

ಆರನೇ ನೋಡ್ ನೋಡಿ. ಗೇಟ್‌ವೇಯಿಂದ 1.4 ಕಿಲೋಮೀಟರ್ ದೂರ, ನಡುವೆ ಕಾಲುವೆ ಪಕ್ಕ ಬಳ್ಳಾರಿ ಜಾಲಿಯ ಒಂದು ಸಾಲು. ಆಂಟೆನಾ ಬದುವಿನ ಮೇಲೆ 1 ಮೀಟರ್ ಗೂಟಕ್ಕೆ. ಸಂದೇಶದ ವೇಗದ ಮಟ್ಟ SF9, ಈ ಸಂಖ್ಯೆ ಏರಿದಷ್ಟೂ ವೇಗ ಕಡಿಮೆ, ದೂರ ಹೆಚ್ಚು. ಪವರ್ 14 ಡಿಬಿಎಂ, ಹದಿನೈದು ನಿಮಿಷಕ್ಕೊಂದು ಸಂದೇಶ. ಮೊದಲ ಮುಂಗಾರಿನ ಜುಲೈನಲ್ಲಿ ಸಿಗ್ನಲ್ ಬಲ ತೋರಿಸುವ RSSI ‑104, ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವ SNR +9. ಒಂದು ಸಂದೇಶವೂ ತಪ್ಪಲಿಲ್ಲ. ಅಕ್ಟೋಬರ್ ಹೊತ್ತಿಗೆ ಹತ್ತಿ ಸೊಂಟದ ಮೇಲೆ ಬಂತು, ತೊಗರಿ ಆಳೆತ್ತರ. RSSI ‑117, SNR ‑10. ಬೆಳಿಗ್ಗೆ ಮಂಜು ಬಿದ್ದ ದಿನ ಎಂಟು ಗಂಟೆಯವರೆಗೆ ನೋಡ್ ಮೌನ, ಬಿಸಿಲೇರಿದ ಮೇಲೆ ಮತ್ತೆ ಮಾತು. ಬ್ಯಾಟರಿ ಹೋಯಿತೇನೋ ಅಂತ ಬದಲಿಸಿದರೂ ಅದೇ ಕಥೆ. ಜನವರಿಯಲ್ಲಿ ತೊಗರಿ ಕೊಯ್ದ ಮೇಲೆ ಏನೂ ಮುಟ್ಟದೆ SNR ಮತ್ತೆ +8ಕ್ಕೆ ಬಂತು. ದೋಷ ಹಾರ್ಡ್‌ವೇರ್‌ನದ್ದಲ್ಲ, ನೀರು ತುಂಬಿದ ಎಲೆಗಳದ್ದು ಅನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. RSSI ಬರೀ 13 ಇಳಿದಂತೆ ಕಾಣುತ್ತದೆ, ಆದರೆ ನಿಜವಾದ ಸಿಗ್ನಲ್ ಇಳಿದದ್ದು ಅದಕ್ಕಿಂತ ಬಹಳ ಹೆಚ್ಚು. 125 ಕಿಲೋಹರ್ಟ್ಸ್ ಅಗಲಕ್ಕೆ ಗದ್ದಲದ ಮಟ್ಟವೇ ಸುಮಾರು ‑117 ಡಿಬಿಎಂ. ಸಿಗ್ನಲ್ ಅದಕ್ಕಿಂತ ಕೆಳಗೆ ಹೋದಾಗ RSSI ಗದ್ದಲವನ್ನೇ ಅಳೆದು ತೋರಿಸುತ್ತದೆ, ಅಲ್ಲೇ ನಿಂತುಬಿಡುತ್ತದೆ. ಆಗ ನೋಡಬೇಕಾದದ್ದು SNR. ‑117ಕ್ಕೆ ‑10 ಸೇರಿಸಿದರೆ ನಿಜವಾದ ಸಿಗ್ನಲ್ ‑127. ಲೋರಾ ಗದ್ದಲದ ಅಡಿಯಿಂದಲೂ ಮಾತು ಹೆಕ್ಕುತ್ತದೆ, ಅದೇ ಅದರ ದೊಡ್ಡ ಗುಣ. ಆದರೆ ಅದಕ್ಕೂ ಮಿತಿ ಇದೆ: SF7ಕ್ಕೆ ‑7.5, SF9ಕ್ಕೆ ‑12.5, SF12ಕ್ಕೆ ‑20. ಅಕ್ಟೋಬರ್‌ನಲ್ಲಿ ಆರನೇ ನೋಡ್‌ಗೆ ಉಳಿದಿದ್ದ ಅಂತರ ಬರೀ ಎರಡೂವರೆ ಡಿಬಿ. ಇಬ್ಬನಿಗೆ ಅಷ್ಟು ಸಾಕು. ಹಾಗಾಗಿ ನೋಡ್ ನೆಡುವಾಗ ಹಸಿ ಬೆಳೆ ಇಲ್ಲದ ದಿನ ಅಳೆದರೆ ಮಿತಿಗಿಂತ 25 ಡಿಬಿಯಾದರೂ ಮೇಲೆ ಇರಲಿ. ಜುಲೈಯ +9 ನೋಡಿ ಹಿಗ್ಗಬೇಡಿ.

ತಾನೇ ವೇಗ ಹೊಂದಿಸಿಕೊಳ್ಳುವ ADR ಇದೆಯಲ್ಲ, ಅದು ನೋಡಿಕೊಳ್ಳುವುದಿಲ್ಲವೇ ಅಂದರೆ, ಇಲ್ಲ. ಸಾಮಾನ್ಯವಾಗಿ ಸರ್ವರ್ ಕೊನೆಯ 20 ಸಂದೇಶಗಳಲ್ಲಿ ಅತಿ ಒಳ್ಳೆಯ SNR ಯಾವುದೋ ಅದನ್ನು ಹಿಡಿದು ಲೆಕ್ಕ ಹಾಕುತ್ತದೆ. ಮಧ್ಯಾಹ್ನದ ಒಣ ಗಾಳಿಯ ಅಂಕ ನೋಡಿ ನೋಡನ್ನು ವೇಗದ, ಕಡಿಮೆ ಪವರ್‌ನ ಮಟ್ಟಕ್ಕೆ ತಳ್ಳುತ್ತದೆ, ಬೆಳಿಗ್ಗೆ ಕಳೆದುಹೋದದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ. ಪೂರ್ತಿ ಸಂಪರ್ಕ ಕಡಿದರೆ ನೋಡ್ ತಾನೇ ಹಿಂದಕ್ಕೆ ಬರುವುದು 64 ಮತ್ತು 32, ಒಟ್ಟು 96 ಸಂದೇಶ ಉತ್ತರವಿಲ್ಲದೆ ಹೋದ ಮೇಲೆ. ಹದಿನೈದು ನಿಮಿಷಕ್ಕೊಂದು ಅಂದರೆ ಒಂದು ಪೂರ್ತಿ ದಿನ. ಕದಲದ ನೋಡ್‌ಗೆ ADR ತೆಗೆದು SF9 ಅಥವಾ SF10ಕ್ಕೆ ಕಟ್ಟಿಹಾಕಿ.

ಪರಿಹಾರಕ್ಕೆ ಮೂರು ದಾರಿ ಇದ್ದವು. ಪವರ್ 14ರಿಂದ 22ಕ್ಕೆ ಏರಿಸಿದರೆ 8 ಡಿಬಿ ಸಿಗುತ್ತದೆ. SF12ಕ್ಕೆ ಹೋದರೆ ಏಳೂವರೆ ಸಿಗುತ್ತದೆ, ಆದರೆ 20 ಬೈಟ್‌ನ ಒಂದು ಸಂದೇಶ 185 ಮಿಲಿಸೆಕೆಂಡ್ ಬದಲು 1.3 ಸೆಕೆಂಡ್ ಗಾಳಿಯಲ್ಲಿರುತ್ತದೆ, ಅದರಾಚೆ ಏರಲು ಮೆಟ್ಟಿಲೂ ಇಲ್ಲ. ಮೂರನೆಯದು ಆಂಟೆನಾ ಎತ್ತುವುದು. ಸಪಾಟು ನೆಲದ ಮೇಲೆ ಎತ್ತರ ಎರಡರಷ್ಟಾದರೆ 6 ಡಿಬಿ, 1 ಮೀಟರ್‌ನಿಂದ 3 ಮೀಟರ್‌ಗೆ ಒಂಬತ್ತೂವರೆ, ಜೊತೆಗೆ ತೊಗರಿಯ ತಲೆಯ ಮೇಲೆ ಹೋಗುತ್ತದೆ. ಎರಡನೇ ಮುಂಗಾರಿಗೆ ಒಂದಿಂಚಿನ ಜಿಐ ಪೈಪ್ ನೆಟ್ಟು ಎತ್ತಿದೆವು. ಅದೇ ಅಕ್ಟೋಬರ್‌ನಲ್ಲಿ ಅದೇ ಬೆಳೆಯ ನಡುವೆ SNR +2, ಮಂಜಿನ ಬೆಳಿಗ್ಗೆಯೂ ತಪ್ಪಲಿಲ್ಲ.

ಎತ್ತುವಾಗ ಡಬ್ಬಿಯನ್ನು ಕೆಳಗೆ ಬಿಟ್ಟು ಬರೀ ಆಂಟೆನಾ ಮೇಲಕ್ಕೆ ಎಳೆಯಬೇಡಿ. ತೆಳು ಆರ್‌ಜಿ174 ಕೇಬಲ್ ಮೀಟರ್‌ಗೆ ಹತ್ತಿರತ್ತಿರ ಒಂದು ಡಿಬಿ ತಿನ್ನುತ್ತದೆ, ಕಷ್ಟಪಟ್ಟು ಗಳಿಸಿದ್ದರಲ್ಲಿ ಮೂರನೇ ಒಂದು ಪಾಲು ಅಲ್ಲೇ ಹೋಯಿತು. ಡಬ್ಬಿಯೇ ಮೇಲಿರಲಿ, ಕೆಳಗೆ ಇಳಿಯುವುದು ಆರ್‌ಎಸ್485 ಸೆನ್ಸರ್ ವೈರು ಮಾತ್ರ. ಆಂಟೆನಾ ಕೊಳ್ಳುವಾಗ ಒಂದು ಎಚ್ಚರ: 433ರ ಆಂಟೆನಾ ಮತ್ತು 865ರದ್ದು ಹೊರಗಿನಿಂದ ಒಂದೇ ತರಹ ಕಾಣಬಹುದು. ಒಂದು ಅಂಗಡಿಯಿಂದ ಬಂದ ಹತ್ತರಲ್ಲಿ ಮೂರು ತಪ್ಪು ಬ್ಯಾಂಡಿನವು. ಆಂಟೆನಾ ಅಳೆಯುವ ನ್ಯಾನೋವಿಎನ್‌ಎ ಹಾಕಿ 865ರಿಂದ 867ರ ನಡುವೆ, ಆಂಟೆನಾ ಬ್ಯಾಂಡಿಗೆ ಹೊಂದುತ್ತದೆಯೇ ಅಂತ ಹೇಳುವ SWR ಎರಡಕ್ಕಿಂತ ಕಡಿಮೆ ಇದೆಯೇ ನೋಡಿದರೆ ಎರಡು ನಿಮಿಷದ ಕೆಲಸ. ಫರ್ಮ್‌ವೇರ್‌ನಲ್ಲಿ ಪ್ರದೇಶ EU868 ಅಂತಲೇ ಬಿಟ್ಟಿರುತ್ತಾರೆ, ಅದು 868.1ರಲ್ಲಿ ಕಳಿಸುತ್ತದೆ. IN865 ಮಾಡಿ. ಇಲ್ಲವಾದರೆ ನಮ್ಮ ದೇಶದ ಲೈಸೆನ್ಸ್ ಬೇಡದ ಬ್ಯಾಂಡಿನಿಂದ ಆಚೆ ಹೋದಂತೆ.

ವಾಲ್ವ್ ವಿಷಯ. ಕ್ಲಾಸ್ ಎ ನೋಡ್ ತಾನು ಕಳಿಸಿದ ಮೇಲೆ ಮಾತ್ರ ಕ್ಷಣಕಾಲ ಕಿವಿ ತೆರೆಯುತ್ತದೆ. ಮೊಬೈಲ್‌ನಲ್ಲಿ ‘ಬಂದ್’ ಒತ್ತಿದರೆ ಆಜ್ಞೆ ಮುಟ್ಟುವುದು ಹದಿನೈದು ನಿಮಿಷದ ನಂತರವೂ ಆಗಬಹುದು, ಆ ಸಂದೇಶವೇ ತಪ್ಪಿದರೆ ಅರ್ಧ ಗಂಟೆ. ಅಷ್ಟರಲ್ಲಿ ಹೊಂಡದ ನೀರು ಯಾರದೋ ಬದು ದಾಟಿರುತ್ತದೆ. ಆದ್ದರಿಂದ ‘ತೆರೆ’ ಅಂತ ಕಳಿಸದೆ ‘40 ನಿಮಿಷ ತೆರೆ’ ಅಂತ ಕಳಿಸುವ ಹಾಗೆ ಬರೆಯಿರಿ. ಮುಚ್ಚುವುದು ನೋಡ್ ತನ್ನ ಗಡಿಯಾರದಿಂದ ತಾನೇ ಮಾಡಲಿ. ರೇಡಿಯೋ ಸತ್ತರೂ ವಾಲ್ವ್ ಮುಚ್ಚುತ್ತದೆ. ಲ್ಯಾಚಿಂಗ್ ಸೊಲೆನಾಯ್ಡ್ ಬಳಸಿದರೆ ಮುಚ್ಚಲೂ ಒಂದು ಕರೆಂಟ್ ಪಲ್ಸ್ ಬೇಕು, ಅದಕ್ಕಾಗಿ ಬ್ಯಾಟರಿ ವೋಲ್ಟೇಜ್ ಕಡಿಮೆ ಇದ್ದರೆ ತೆರೆಯಲು ನಿರಾಕರಿಸುವಂತೆ ಒಂದು ಸಾಲು ಸೇರಿಸಿ.

ಬ್ಯಾಟರಿ ತಿನ್ನುವುದು ರೇಡಿಯೋ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕೋಣ. ಪೂರ್ತಿ 22 ಡಿಬಿಎಂನಲ್ಲಿ ಚಿಪ್ 118 ಮಿಲಿಆಂಪ್ ಎಳೆಯುತ್ತದೆ. ಒಂದು ಸಂದೇಶಕ್ಕೆ 0.185 ಸೆಕೆಂಡ್, ದಿನಕ್ಕೆ 96 ಸಂದೇಶ. ಒಟ್ಟು ದಿನಕ್ಕೆ 0.6 ಮಿಲಿಆಂಪ್‌ಅವರ್ ಕೂಡ ಆಗುವುದಿಲ್ಲ. ಅದೇ ಪ್ರಯೋಗದ ಬೋರ್ಡ್‌ನ ಮೇಲಿರುವ ಎಎಮ್‌ಎಸ್1117 ರೆಗ್ಯುಲೇಟರ್ ಸುಮ್ಮನೆ ಕೂತು ಸುಮಾರು 5 ಮಿಲಿಆಂಪ್ ಕುಡಿಯುತ್ತದೆ, ದಿನಕ್ಕೆ 120. ಎರಡೂವರೆ ಸಾವಿರದ ಸೆಲ್ ಮೂರು ವಾರಕ್ಕೆ ಖಾಲಿ. ಆ ರೆಗ್ಯುಲೇಟರ್ ಮತ್ತು ಪವರ್ ಎಲ್‌ಇಡಿ ಕಿತ್ತು ಮೈಕ್ರೋಆಂಪ್ ಮಟ್ಟದ ರೆಗ್ಯುಲೇಟರ್ ಹಾಕಿ, ನಿದ್ದೆಯಲ್ಲಿ 20 ಮೈಕ್ರೋಆಂಪ್‌ಗೆ ಇಳಿಯುವವರೆಗೂ ಹೊಲಕ್ಕೆ ಒಯ್ಯಬೇಡಿ. ಸೆಲ್ ಲಿಥಿಯಂ ಐರನ್ ಫಾಸ್ಫೇಟ್ ಇರಲಿ. ನಮ್ಮ ಮೇ ತಿಂಗಳ ಬಿಸಿಲಿಗೆ ಮುಚ್ಚಿದ ಡಬ್ಬಿಯೊಳಗೆ ಮಾಮೂಲು ಲಿಥಿಯಂ ಅಯಾನ್ ಸೆಲ್‌ನ 45 ಡಿಗ್ರಿ ಚಾರ್ಜಿಂಗ್ ಮಿತಿ ಬೆಳಿಗ್ಗೆ ಹತ್ತಕ್ಕೇ ದಾಟುತ್ತದೆ.

ಲೋರಾದ ತಪ್ಪಲ್ಲ, ಆದರೂ ಹೇಳಲೇಬೇಕು: ಎರೆ ಮಣ್ಣು ಒಣಗಿ ಬಿರಿದಾಗ ತೇವಾಂಶ ಸೆನ್ಸರ್‌ನ ಪಕ್ಕದಲ್ಲೇ ಬಿರುಕು ಬಂದರೆ ಕಡ್ಡಿಗೂ ಮಣ್ಣಿಗೂ ನಡುವೆ ಗಾಳಿ ಸೇರುತ್ತದೆ. ಬೇರಿನ ಹತ್ತಿರ ಹಸಿ ಇದ್ದರೂ ಅಂಕ ‘ಪೂರ್ತಿ ಒಣ’. ಒಂದೇ ರಾತ್ರಿಯಲ್ಲಿ ಅಂಕ ಧಬಕ್ಕನೆ ಬಿದ್ದರೆ ಅದು ಬಿರುಕು, ಮಣ್ಣು ಅಷ್ಟು ಬೇಗ ಒಣಗುವುದಿಲ್ಲ. ಆ ದಿನ ತಾನೇ ವಾಲ್ವ್ ತೆರೆಯದಂತೆ ತಡೆ ಇಡಿ.

ಇನ್ನು ರೋಬೋ. ಅದಕ್ಕೆ ಬೇರೆಯದೇ ನೇರ ಸಂಪರ್ಕ, ಗೇಟ್‌ವೇಯ ಚಾನೆಲ್‌ಗಳಿಂದ ದೂರ:

```
radio.begin(866.3, 125.0, 7, 5, 0x12, 14, 8);
```

12 ಬೈಟ್‌ನ ‘ಬದುಕಿದ್ದೇನೆ’ ಸಂದೇಶ ಎರಡು ಸೆಕೆಂಡಿಗೊಮ್ಮೆ, ಗಾಳಿಯಲ್ಲಿ 41 ಮಿಲಿಸೆಕೆಂಡ್. ಹೊಲದ ಬದಿಯಿಂದ ಬರುವ ಈ ಸಂದೇಶ ಮೂರು ಸಲ ತಪ್ಪಿದರೆ ರೋಬೋ ನಿಲ್ಲುತ್ತದೆ. ಅಂದರೆ ಆರು ಸೆಕೆಂಡ್. ಸೆಕೆಂಡಿಗೆ ಅರ್ಧ ಮೀಟರ್ ಹೋಗುವ ಯಂತ್ರ ಅಷ್ಟರಲ್ಲಿ ಮೂರು ಮೀಟರ್ ದಾಟಿರುತ್ತದೆ. ಹತ್ತಿ ಸಾಲಿನಲ್ಲಿ ಕಳೆ ಕೀಳುತ್ತ ಕೂತವರಿದ್ದರೆ ಇದನ್ನು ತುರ್ತು ನಿಲುಗಡೆ ಅನ್ನಲಾಗದು. ಮುಂಭಾಗದ ಬಂಪರ್ ಸ್ವಿಚ್ಚು, ಮೈಮೇಲಿನ ಕೆಂಪು ಬಟನ್ನು ಮೋಟಾರಿನ ಕರೆಂಟನ್ನೇ ನೇರವಾಗಿ ಕಡಿಯಬೇಕು, ರೇಡಿಯೋ ನಡುವೆ ಬರಬಾರದು.

ಮೊದಲ ವಾರ ರೋಬೋ 150 ಮೀಟರ್‌ಗೇ ನಿಲ್ಲುತ್ತಿತ್ತು. ನಿಂತ ಮೇಲೆ ಸಂಪರ್ಕ ತಾನೇ ಸರಿಯಾಗುತ್ತಿತ್ತು, ಸುಳಿವು ಅಲ್ಲೇ ಇತ್ತು. ಯಾರೂ ಕಳಿಸದಿರುವಾಗ ಖಾಲಿ ಚಾನೆಲ್‌ನ RSSI ಓದಿ ನೋಡಿದರೆ ಮೋಟಾರ್ ಬಂದ್ ಇದ್ದಾಗ ‑115, ಓಡುವಾಗ ‑98. ಮೋಟಾರ್ ಡ್ರೈವರ್ ಪಕ್ಕದಲ್ಲೇ ಆಂಟೆನಾ ಇತ್ತು, 17 ಡಿಬಿ ಗದ್ದಲ ನಮ್ಮದೇ. ಆಂಟೆನಾವನ್ನು ಒಂದು ಮೀಟರ್ ಕಡ್ಡಿಯ ತುದಿಗೆ ಒಯ್ದು, ಮೋಟಾರ್ ವೈರುಗಳನ್ನು ಹೊಸೆದು ಫೆರೈಟ್ ಉಂಗುರ ತೊಡಿಸಿದ ಮೇಲೆ ‑109. ದೂರ 600 ಮೀಟರ್‌ಗೆ ಬಂತು, ಹೊಲಕ್ಕೆ ಅಷ್ಟು ಸಾಕು.

ಕ್ಯಾಮೆರಾ ಚಿತ್ರ ಇದರಲ್ಲಿ ಕಳಿಸುವ ಆಸೆ ಬಿಡಿ. SF7ರಲ್ಲಿ ಸೆಕೆಂಡಿಗೆ 680 ಬೈಟ್ ದಾಟುವುದಿಲ್ಲ. ಜಿಪಿಎಸ್ ಸ್ಥಾನವನ್ನು ಸೆಂಟಿಮೀಟರ್ ಮಟ್ಟಕ್ಕೆ ನಿಖರ ಮಾಡುವ ಆರ್‌ಟಿಕೆ ತಿದ್ದುಪಡಿಯೂ ಅದರಲ್ಲಿ ಇಕ್ಕಟ್ಟಾಗಿಯೇ ಕೂರುತ್ತದೆ. ಎರಡು ಉಪಗ್ರಹ ಗುಂಪು ಮಾತ್ರ ಇಟ್ಟು, ಬೇಸ್‌ನ ಸ್ಥಾನದ ಸಂದೇಶವನ್ನು ಹತ್ತು ಸೆಕೆಂಡಿಗೊಮ್ಮೆ ಕಳಿಸಿದಾಗ ನಡೆಯಿತು, ಆದರೆ ಆಗ ‘ಬದುಕಿದ್ದೇನೆ’ ಸಂದೇಶಕ್ಕೆ ಜಾಗವೇ ಉಳಿಯಲಿಲ್ಲ. ಈಗ ತಿದ್ದುಪಡಿಯನ್ನು ಮೊಬೈಲ್ ನೆಟ್‌ವರ್ಕ್‌ಗೆ ಬಿಟ್ಟು, ಲೋರಾವನ್ನು ಬ್ಯಾಟರಿ ವೋಲ್ಟೇಜ್, ಸಾಲಿನ ಸಂಖ್ಯೆ ಮತ್ತು ‘ನಿಲ್ಲು’ ಇವಿಷ್ಟಕ್ಕೆ ಇಟ್ಟುಕೊಂಡಿದ್ದೇವೆ.