ಫೋನಿಗೆ ಸಿಗಿಸೋ ಅಲ್ಟ್ರಾಸೌಂಡ್ ಪ್ರೋಬ್: ಟ್ರಾಮಾ ಕೇಸುಗಳಲ್ಲಿ ಎರಡು ವರ್ಷ ಬಳಸಿದ ಮೇಲೆ

ಎಮರ್ಜೆನ್ಸಿಯಲ್ಲಿ ಈ ಹ್ಯಾಂಡ್‌ಹೆಲ್ಡ್ ಪ್ರೋಬ್ ಹಿಡ್ಕೊಂಡು ಎರಡು ವರ್ಷದ ಮೇಲಾಯ್ತು. ಕಂಪನಿ ಹೆಸರು ಹೇಳಲ್ಲ. ಬರೀತಿರೋದು ಒಂದೇ ಕೆಲಸದ ಬಗ್ಗೆ, ಆಕ್ಸಿಡೆಂಟ್ ಆಗಿ ಬಂದೋರ ಹೊಟ್ಟೇಲಿ, ಹಾರ್ಟ್ ಸುತ್ತ ರಕ್ತ ಸೇರಿದ್ಯಾ ಅಂತ ನೋಡೋ ಫಾಸ್ಟ್ ಸ್ಕ್ಯಾನ್. ಬೇರೆ ಸ್ಕ್ಯಾನಿಗೆ ಹೇಗಿದೆ ಅಂತ ಕೇಳ್ಬೇಡಿ, ನಂಗೊತ್ತಿಲ್ಲ.

ಹೊಟ್ಟೆಗೆ ಆರಾಮಾಗಿ ಸಾಕು. ಬಲಗಡೆ ಲಿವರ್ರು ಕಿಡ್ನಿ ನಡುವಿನ ಗೆರೆ, ಅದೇ ಮಾರಿಸನ್ ಪೌಚ್, ದೊಡ್ಡ ಮಷೀನಿನಲ್ಲಿ ಕಾಣೋ ಥರಾನೇ ಕಾಣುತ್ತೆ. ಆದ್ರೆ ಅಷ್ಟು ಚೆನ್ನಾಗಿ ಕಾಣೋದ್ರಿಂದಾನೇ ಜನ ಅಲ್ಲಿಗೇ ನಿಲ್ಲಿಸ್ಬಿಡ್ತಾರೆ. ಒಂದ್ಸಲ ಬೈಕಿಂದ ಬಿದ್ದ ಹುಡುಗ ಬಂದಿದ್ದ, ಪಲ್ಸ್ 118, ಬಿಪಿ 104/70. ಜೂನಿಯರ್ ಪ್ರೋಬ್ ಇಟ್ಟ, ಲಿವರ್ ಕಿಡ್ನಿ ನಡುವೆ ಏನೂ ಇಲ್ಲ, "ಸಾರ್, ನೆಗೆಟಿವ್" ಅಂದ. "ತಡಿ ಮಾರಾಯ, ಇನ್ನೊಂದು ಪಕ್ಕೆಲುಬು ಕೆಳಗೆ ಜಾರಿಸು, ಲಿವರಿನ ಕೆಳಗಿನ ತುದಿ ಪೂರ್ತಿ ಕಾಣ್ಬೇಕು" ಅಂದೆ. ಜಾರಿಸಿದ, ತುದಿ ಪಕ್ಕದಲ್ಲಿ ಸಣ್ಣ ಕಪ್ಪು ಪಟ್ಟಿ, ಕೊನೆ ಚೂಪಾಗಿತ್ತು. ಆ ಚೂಪೇ ಗುರುತು, ಸಡಿಲ ರಕ್ತ ಸಂದಿಗೆ ನುಗ್ಗಿ ಮೂಲೆ ಮೂಲೆಯಾಗಿ ನಿಲ್ಲುತ್ತೆ, ಗಾಲ್‌ಬ್ಲಾಡರ್ ಅಥವಾ ಕರುಳೊಳಗಿನ ನೀರಿಗೆ ಸುತ್ತ ಗೋಡೆ ಇರುತ್ತೆ, ಅಂಚು ದುಂಡಗಿರುತ್ತೆ. ಮಲಗಿದ ಪೇಷಂಟಲ್ಲಿ ಮೊದಮೊದಲ ರಕ್ತ ಎಷ್ಟೋ ಸಲ ಆ ತುದಿ ಹತ್ರಾನೇ ಕಾಣೋದು, ಮೇಲಿನ ಪೌಚ್ ತುಂಬೋದು ಆಮೇಲೆ. ಅದೂ ಸುಮಾರು 200 ಎಂಎಲ್ ಸೇರೋವರೆಗೆ ಏನೂ ಕಾಣದೇ ಇರಬಹುದು, ಕೈ ಹೊಸದಾದ್ರೆ ಇನ್ನೂ ಜಾಸ್ತಿ ಬೇಕು.

ಬಿಪಿ ಬೀಳದೆ ನಿಂತಿತ್ತು, ಅದಕ್ಕೆ ಸಿಟಿ ಸ್ಕ್ಯಾನಿಗೆ ಕಳಿಸಿದ್ವಿ, ಬೀಳ್ತಿದ್ದಿದ್ರೆ ಸೀದಾ ಓಟಿ. ಸಿಟಿಯಲ್ಲಿ ಹರಿದಿದ್ದು ಸ್ಪ್ಲೀನು! ರಕ್ತ ಕಂಡಿದ್ದು ಬಲಗಡೆ, ಗಾಯ ಎಡಗಡೆ. ಎಡಗಡೆ ಕರುಳಿನ ಒಂದು ಲಿಗಮೆಂಟ್ ಅಡ್ಡ ಇರೋದ್ರಿಂದ ಸ್ಪ್ಲೀನಿನ ರಕ್ತ ಅಲ್ಲೇ ಕೆಳಗಿಳಿಯಕ್ಕಾಗಲ್ಲ, ಬಲಗಡೆಗೂ ಹೋಗುತ್ತೆ. ಹಾಗಾಗಿ ಎಲ್ಲಿ ಕಪ್ಪಿದ್ಯೋ ಅಲ್ಲೇ ಗಾಯ ಅಂತ ಓದ್ಬಾರ್ದು. ಎಡಗಡೆ ನೋಡುವಾಗ ಪ್ರೋಬ್ ಹಿಡಿದ ಕೈ ಹಾಸಿಗೆಗೆ ತಾಗೋಷ್ಟು ಹಿಂದಕ್ಕೆ ಹೋಗ್ಬೇಕು, ಸ್ಪ್ಲೀನ್ ಕಿಡ್ನಿ ನಡುವೆ ಮಾತ್ರ ಅಲ್ಲ, ಸ್ಪ್ಲೀನ್ ಮತ್ತು ಡಯಾಫ್ರಮ್ ನಡುವೆ ನೋಡಿ.

ಇನ್ನು ಹಾರ್ಟ್. ಇಲ್ಲಿ ಈ ಪ್ರೋಬಿಗೆ ನಾನು ಮಾರ್ಕ್ಸ್ ಕಡಿಮೆ ಕೊಡ್ತೀನಿ. ಎದೆಮೂಳೆ ಕೆಳಗಿಂದ ಲಿವರ್ ಮೂಲಕ ನೋಡುವಾಗ ಡೆಪ್ತ್ ಜಾಸ್ತಿ ಬೇಕು, ಅಷ್ಟು ಆಳಕ್ಕೆ ಹೋದ್ರೆ ಚಿತ್ರ ಮಸುಕು, ಮೇಲಿಂದ ಹೊಳಪು ತಾನೇ ಹೊಂದಿಸೋ ಆಟೋ ಗೇನ್ ಬೂದು ಬಣ್ಣಾನೆಲ್ಲ ಒಂದೇ ಥರ ಮಾಡುತ್ತೆ. ತಲೆನೋವು ಯಾವಾಗ ಅಂದ್ರೆ ಹಾರ್ಟಿನ ಮುಂದೆ ಒಂದು ತೆಳು ಪಟ್ಟಿ ಕಂಡಾಗ. ಅದು ಕೊಬ್ಬಾ ರಕ್ತಾನಾ? ಕೊಬ್ಬಾದ್ರೆ ಒಳಗೆ ಸಣ್ಣ ಚುಕ್ಕೆ ಇರುತ್ತೆ, ಹಾರ್ಟ್ ಜೊತೆ ಕುಣಿಯುತ್ತೆ, ಸಾಮಾನ್ಯವಾಗಿ ಮುಂದೆ ಮಾತ್ರ ಇರುತ್ತೆ. ಮಲಗಿದೋರಲ್ಲಿ ನೀರು ಹಿಂದೆ ಸೇರ್ಬೇಕು, ಮುಂದೆ ಮಾತ್ರ ಇದ್ದು ಹಿಂದೆ ಏನೂ ಇಲ್ಲ ಅಂದ್ರೆ ಮೊದಲು ಕೊಬ್ಬು ಅಂತ ಯೋಚಿಸ್ತೀನಿ. ಆದ್ರೆ ಚಾಕು ಇರಿತದ ಕೇಸಲ್ಲಿ ಈ ಲೆಕ್ಕ ನಂಬಲ್ಲ, ಹೆಪ್ಪುಗಟ್ಟಿದ ರಕ್ತಾನೂ ಕೊಬ್ಬಿನ ಥರ ಬೂದಾಗೇ ಕಾಣುತ್ತೆ, ಒಂದೇ ಕಡೆ ಕೂತಿರಬಹುದು. ಅನುಮಾನ ಬಂದ್ರೆ ಪ್ರೋಬ್ ಎಡ ಎದೆಗೆ ತಂದು ಹಾರ್ಟಿನ ಹಿಂದೆ ಕೆಳಗಿಳಿಯೋ ದೊಡ್ಡ ರಕ್ತನಾಳ ಡಿಸೆಂಡಿಂಗ್ ಅಯೋರ್ಟಾ ಹುಡುಕಿ, ಕಪ್ಪು ಅದರ ಮುಂದೆ ಜಾರಿದ್ರೆ ಹಾರ್ಟಿನ ಚೀಲ ಪೆರಿಕಾರ್ಡಿಯಮ್ಮಿಂದು, ಹಿಂದಿದ್ರೆ ಎಡ ಶ್ವಾಸಕೋಶದ ಸುತ್ತಿನ ನೀರು. ಇನ್ನೊಂದು, ಹಾರ್ಟಿನ ಚೀಲಾನೇ ಹರಿದಿದ್ರೆ ರಕ್ತ ಎಡ ಎದೆಗೆ ಸೋರಿ ಚೀಲ ಖಾಲಿ ಕಾಣಬಹುದು, ಹಾಗಾಗಿ ಎಡಗಡೆ ಎದೆಯೊಳಗೆ ರಕ್ತ ಸೇರಿ ಹೀಮೊಥೊರಾಕ್ಸ್ ಆಗಿರೋನಲ್ಲಿ ಹಾರ್ಟ್ ಕ್ಲಿಯರ್ ಅಂದ್ರೂ ನಾನು ಒಪ್ಪಲ್ಲ.

ಪ್ರೋಬಿನ ಬೇರೆ ಕಿರಿಕಿರಿ: ಬಿಸಿಯಾಗಿ ಮಧ್ಯದಲ್ಲೇ ನಿಂತುಬಿಡುತ್ತೆ, ಅದೂ ಬೇಕಾದ ಹೊತ್ತಲ್ಲೇ. ಪೆಲ್ವಿಸ್ ನೋಡುವಾಗ ಬ್ಲಾಡರ್ ಹಿಂದೆ ಎಲ್ಲಾ ಬೆಳ್ಳಗೆ ಉರಿಯುತ್ತೆ, ಆ ಹೊಳಪಲ್ಲಿ ಸಣ್ಣ ರಕ್ತ ಮುಚ್ಚಿಹೋಗುತ್ತೆ, ಗೇನ್ ಕೈಯಾರೆ ಇಳಿಸಲೇಬೇಕು. ಆಮೇಲೆ ಕ್ಯಾಥೆಟರ್ ಹಾಕೋ ಮುಂಚೆ ನೋಡಿ, ಬ್ಲಾಡರ್ ಖಾಲಿಯಾದ್ರೆ ಕಿಟಕೀನೇ ಹೋಯ್ತು.

ಕರುಳು ತೂತಾಗಿರೋದು, ಬೆನ್ನ ಕಡೆ ಕಿಡ್ನಿ ಸುತ್ತ ರಕ್ತ ಹೋಗ್ತಿರೋದು ಇದರಲ್ಲಿ ಸಿಗಲ್ಲ, ಅದು ದೊಡ್ಡ ಮಷೀನಲ್ಲೂ ಅಷ್ಟೇ. ಪಲ್ಸ್ ಏರ್ತಿದ್ರೆ ಅರ್ಧ ಗಂಟೆಯೊಳಗೆ ಮತ್ತೆ ಹಾಕಿ ನೋಡ್ತೀನಿ. ಪ್ರೋಬ್ ಜೇಬಲ್ಲೇ ಇರೋದ್ರಿಂದ ಮತ್ತೆ ನೋಡೋಕೆ ಸೋಮಾರಿತನ ಬರಲ್ಲ, ಕೊಟ್ಟ ದುಡ್ಡು ನನಗೆ ವಾಪಸ್ ಬಂದಿದ್ದು ಅಲ್ಲೇ. ಐದಕ್ಕೆ ಹೊಟ್ಟೆಗೆ ನಾಲ್ಕೂವರೆ, ಹಾರ್ಟಿಗೆ ಮೂರು.